ಒಡವೆಯ ಬರಹದಲ್ಲಿ ಜಂಬದ ವಾಸನೆ: ಎಲ್ಲಿಂದ ಬರುತ್ತದೆ, ಹೇಗೆ ತೆಗೆಯುವುದು

ದೂರು ಏನು

ದೂರು ಹೆಚ್ಚಾಗಿ ಹೀಗೆ ಬರುತ್ತದೆ. ಒಡವೆ ಚೆನ್ನಾಗಿದೆ, ಫೋಟೊ ಚೆನ್ನಾಗಿದೆ, ಕೆಳಗಿನ ನಾಲ್ಕು ಸಾಲು ಓದಿದವರು ಮಾತ್ರ "ಸ್ವಲ್ಪ ಜಾಸ್ತಿ ಆಯ್ತು ಅಲ್ವಾ" ಅನ್ನುತ್ತಾರೆ. ಏನು ಜಾಸ್ತಿಯಾಯಿತು ಎಂದು ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ. ಬರೆಸಿದವರು ಒಂದೆರಡು ವಿಶೇಷಣ ಹೊಡೆದುಹಾಕುತ್ತಾರೆ, ವಾಸನೆ ಹೋಗುವುದಿಲ್ಲ. ಇನ್ನೂ ನಾಲ್ಕು ಹೊಡೆದುಹಾಕಿದರೆ ಉಳಿಯುವುದು ತೂಕದ ಚೀಟಿ.

ಶಿವಮೊಗ್ಗದಲ್ಲಿ ಸ್ವಂತ ಹೆಸರಿಟ್ಟು, ವರ್ಷಕ್ಕೆ ಒಂದೆರಡು ಕಲೆಕ್ಷನ್ ಮಾಡಿಸಿ ಮಾರುವ ಸಣ್ಣ ಬೊಟಿಕ್‌ಗಳಿಗೆ ಈ ತೊಂದರೆ ದೊಡ್ಡ ಅಂಗಡಿಗಳಿಗಿಂತ ಜಾಸ್ತಿ. ದೊಡ್ಡ ಅಂಗಡಿ ಕೂಗಿದರೆ ಜನ ಜಾಹೀರಾತು ಎಂದು ಸುಮ್ಮನಾಗುತ್ತಾರೆ. ಬೊಟಿಕ್ ಕೂಗಿದರೆ ಪರಿಚಯದವರೇ ಕೂಗಿದ ಹಾಗೆ ಕೇಳಿಸುತ್ತದೆ. ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಬರುವ ಗಿರಾಕಿಗೆ ಮಾಲೀಕರ ಮನೆ ಯಾವುದು, ಅವರ ಅತ್ತೆ ಯಾರು ಎಂಬುದೂ ಗೊತ್ತಿರುತ್ತದೆ. ಅವರ ಮುಂದೆ ದೊಡ್ಡಸ್ತಿಕೆ ನಡೆಯುವುದಿಲ್ಲ.

ದೋಷ ಇದೆಯೋ ಇಲ್ಲವೋ ನೋಡುವುದು

ತಿದ್ದುವ ಮೊದಲು ಎರಡು ಪರೀಕ್ಷೆ ಮಾಡಿ. ಎರಡಕ್ಕೂ ಐದು ನಿಮಿಷ ಸಾಕು.

ಮೊದಲನೆಯದು, ಬರಹದಲ್ಲಿ "ಜುಮುಕಿ" ಎಂದಿರುವ ಕಡೆಯಲ್ಲೆಲ್ಲ "ಸೀರೆ" ಎಂದೋ "ಸೋಫಾ" ಎಂದೋ ಹಾಕಿ ಓದಿ. ಆಗಲೂ ಅರ್ಥ ಕೆಡದಿದ್ದರೆ ಬರಹ ಜುಮುಕಿಯ ಬಗ್ಗೆ ಏನೂ ಹೇಳಿಲ್ಲ, ಬರೀ ಹೊಗಳಿದೆ.

ಎರಡನೆಯದು, ಅದೇ ಸಾಲುಗಳನ್ನು ಕೌಂಟರ್‌ನಲ್ಲಿ ಎದುರು ಕೂತ ಒಬ್ಬರಿಗೆ ಬಾಯಿಬಿಟ್ಟು ಹೇಳಿ. "ಅಮ್ಮಾ, ಇದು ನಿಮ್ಮ ಘನತೆಗೆ ತಕ್ಕ ಏಕೈಕ ಆಯ್ಕೆ" ಎಂದು ಮುಖ ನೋಡಿಕೊಂಡು ಹೇಳಲು ಆಗುತ್ತದೆಯೇ? ನಾಲಿಗೆ ಎಲ್ಲಿ ತಡೆಯುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ದೋಷ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ.

ಗುರುತು ಹಾಕಿದ ಜಾಗಗಳನ್ನು ಸಾಲಾಗಿ ನೋಡಿದರೆ ಒಂದು ವಿಷಯ ಕಾಣುತ್ತದೆ. ಆ ಮಾತುಗಳೆಲ್ಲ ತೀರ್ಪುಗಳು. ಅಪ್ರತಿಮ, ಅದ್ಭುತ, ಅಪರೂಪ. ಇವನ್ನು ಹೇಳಬೇಕಾದವರು ಕೊಳ್ಳುವವರು. ಅಡಿಕೆ ಮಂಡಿಯಲ್ಲಿ ಯಾರೂ ಚೀಲದ ಮೇಲೆ "ಅತ್ಯುತ್ತಮ ಅಡಿಕೆ" ಎಂದು ಬರೆಯುವುದಿಲ್ಲ. ಚೀಲ ಬಿಚ್ಚಿ ಇಡುತ್ತಾರೆ, ಕೊಳ್ಳುವವನು ಒಂದು ಹಿಡಿ ತೆಗೆದು, ಒಡೆದು, ನೋಡಿ ದರ ಹೇಳುತ್ತಾನೆ. ಒಡವೆಯ ಬರಹವೂ ಚೀಲ ಬಿಚ್ಚಿದರೆ ಸಾಕು. ದರ ಹೇಳುವ ಕೆಲಸವನ್ನೂ ತಾನೇ ಮಾಡಲು ಹೋದಾಗ ಜಂಬ ಎನಿಸುತ್ತದೆ.

ಒಂದು ಕೇಸ್

ಇಲ್ಲಿಯ ಒಂದು ಬೊಟಿಕ್‌ನವರು ರವೆ ಕೆಲಸದ, ಅಂದರೆ ಚಿನ್ನದ ಸಣ್ಣ ಉಂಡೆಗಳನ್ನು ಸಾಲಾಗಿ ಬೆಸೆದ ಜುಮುಕಿ ಮಾಡಿಸಿದ್ದರು. ಅಡಿಕೆ ಕೊಯ್ಲು ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ಹೊರಗೆ ಬಿಡಬೇಕಿತ್ತು. ಕಾರ್ಡಿನಲ್ಲಿ ಹಾಕಲು ಅವರು ಬರೆಸಿಕೊಂಡಿದ್ದು ಇದು:

> ಮಲೆನಾಡಿನ ರಾಜಮನೆತನಗಳ ವೈಭವವನ್ನು ಮರಳಿ ತರುವ ನಮ್ಮ ಅಪ್ರತಿಮ ಜುಮುಕಿ. ನುರಿತ ಕುಶಲಕರ್ಮಿಗಳ ಕೈಚಳಕದಲ್ಲಿ ಅರಳಿದ, ಅಪರೂಪದ ಮಾಣಿಕ್ಯಗಳಿಂದ ಕಂಗೊಳಿಸುವ, 100% ಹಾಲ್‌ಮಾರ್ಕ್ ಹೊಂದಿರುವ ಶುದ್ಧ ಚಿನ್ನದ ಈ ಕಲಾಕೃತಿ ನಿಮ್ಮ ಘನತೆಗೆ ತಕ್ಕ ಏಕೈಕ ಆಯ್ಕೆ. ಮಾಮೂಲಿ ಒಡವೆಗಳಿಗೆ ವಿದಾಯ ಹೇಳಿ!

ಇದರಲ್ಲಿ ವಿಶೇಷಣ ಜಾಸ್ತಿ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಪ್ರತಿಯೊಂದು ದೊಡ್ಡ ಮಾತಿನ ಕೆಳಗೂ ಬೇರೆ ಬೇರೆ ಕಾರಣ ಇದೆ. ಕಾರಣ ಬೇರೆಯಾದ್ದರಿಂದ ರಿಪೇರಿಯೂ ಬೇರೆ. ಅದಕ್ಕೇ ಎಲ್ಲದಕ್ಕೂ ಒಂದೇ ಕತ್ತರಿ ಹಾಕಿದರೆ ಬರಹ ಸಾಯುತ್ತದೆ.

ಕಾನೂನು ಹೇಳಿದ್ದನ್ನೇ ಸಾಧನೆ ಎನ್ನುವುದು

"100% ಹಾಲ್‌ಮಾರ್ಕ್" ಎಂಬುದನ್ನು ಮೊದಲು ತೆಗೆಯಿರಿ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಚಿನ್ನದ ಒಡವೆ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇರಲೇಬೇಕು. ಎರಡು ಗ್ರಾಂಗಿಂತ ಕಡಿಮೆ ತೂಕದವು, ಕುಂದನ್, ಪೋಲ್ಕಿ ಇಂಥ ಕೆಲವಕ್ಕೆ ವಿನಾಯಿತಿ ಇದೆ. ಅಂದರೆ ನೀವು ಹೇಳುತ್ತಿರುವುದು "ನಾವು ಕಾನೂನು ಮುರಿಯುವುದಿಲ್ಲ" ಎಂದು. ಅದನ್ನು ಹೆಮ್ಮೆಯಿಂದ ಹೇಳಿದರೆ ಕೇಳುವವರಿಗೆ ಅನುಮಾನ ಬರುವುದೇ ಸಹಜ.

"ಶುದ್ಧ ಚಿನ್ನ" ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ಸುಳ್ಳು. ಈ ಜುಮುಕಿ ಮೇಲೆ `22K916` ಎಂದು ಮುದ್ರೆ ಇದೆ. ಸಾವಿರ ಭಾಗದಲ್ಲಿ 916 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಬೆರಕೆ. ಬೆರಕೆ ಬೇಕೇ ಬೇಕು. ಅಪ್ಪಟ ಚಿನ್ನ ತೀರಾ ಮೆದು, ಜುಮುಕಿಯ ಕೊಂಡಿ ದಿನಾ ಹಾಕಿ ತೆಗೆದರೆ ಬಾಗಿಬಿಡುತ್ತದೆ. ಇಷ್ಟು ತಿಳಿದ ಗಿರಾಕಿ "ಶುದ್ಧ" ಎಂಬ ಮಾತು ಓದಿದ ತಕ್ಷಣ ಉಳಿದ ಸಾಲುಗಳನ್ನೂ ನಂಬುವುದಿಲ್ಲ.

ರಿಪೇರಿ ಸುಲಭ. ಇವನ್ನು ಹೊಗಳಿಕೆಯ ಸಾಲಿನಿಂದ ಎತ್ತಿ ಕೆಳಗಿನ ವಿವರದ ಸಾಲಿಗೆ ಇಳಿಸಿ. "22 ಕ್ಯಾರೆಟ್ (916). ಎಚ್‌ಯುಐಡಿ ಬಿಲ್ಲಿನಲ್ಲಿದೆ, ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು." ಹೀಗೆ ಬರೆದರೆ ಸಾಕು. ಪರೀಕ್ಷೆ ಮಾಡಿ ನೋಡಿ ಎನ್ನುವವರು ಜಂಬ ಕೊಚ್ಚುತ್ತಿದ್ದಾರೆ ಎಂದು ಯಾರೂ ಅಂದುಕೊಳ್ಳುವುದಿಲ್ಲ.

ಮಾಣಿಕ್ಯದ ಕಥೆಯೂ ಇದೇ. ವಿಚಾರಿಸಿದಾಗ ಕಲ್ಲು ಸಿಂಥೆಟಿಕ್ ಕೆಂಪು ಎಂದು ಗೊತ್ತಾಯಿತು. ಅದರಲ್ಲಿ ತಪ್ಪೇನಿಲ್ಲ. ಕಾರ್ಖಾನೆಯಲ್ಲಿ ಮಾಡಿದ ಕೆಂಪು ನೂರು ವರ್ಷಕ್ಕೂ ಹಿಂದಿನಿಂದ ಒಡವೆಗಳಲ್ಲಿ ಕೂತಿದೆ, ರಾಸಾಯನಿಕವಾಗಿ ನೈಸರ್ಗಿಕ ಮಾಣಿಕ್ಯದಂತೆಯೇ ಇದೆ. ತಪ್ಪಿರುವುದು "ಅಪರೂಪದ" ಎಂದು ಕರೆಯುವುದರಲ್ಲಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಕಾರ್ಡಿನ ನಾಲ್ಕು ಸಾಲೂ ಜಾಹೀರಾತೇ.

ಪರಂಪರೆಯನ್ನು ಸಾಲ ತರುವುದು

"ರಾಜಮನೆತನಗಳ ವೈಭವ." ಯಾವ ರಾಜಮನೆತನ? ಮಲೆನಾಡಿನಲ್ಲಿ ಕುಳಿತು ರಾಜರು ಎಂದರೆ ಓದುವವರ ತಲೆ ಕೆಳದಿ ನಾಯಕರ ಕಡೆ ಹೋಗುತ್ತದೆ. ಈ ಜುಮುಕಿಗೂ ಕೆಳದಿಗೂ ಏನು ಸಂಬಂಧ ಎಂದು ಮಾಲೀಕರನ್ನು ಕೇಳಿದೆ.

"ಸಂಬಂಧ ಏನಿಲ್ಲ. ಸ್ವಲ್ಪ ಗ್ರ್ಯಾಂಡ್ ಆಗಿ ಇರ್ಲಿ ಅಂತ" ಎಂದರು.

"ಡಿಸೈನ್ ಎಲ್ಲಿಂದ ಬಂತಕ್ಕಾ?"

"ನಮ್ಮ ಅಜ್ಜಿದು. ಹೊಸನಗರದ ಮನೆಯಲ್ಲಿ ಪೆಟ್ಟಿಗೆಯಲ್ಲಿತ್ತು. ಅದಕ್ಕೆ ಕೆಳಗಡೆ ಮುತ್ತು ಇದ್ದವು, ಅರ್ಧ ಉದುರಿಹೋಗಿದ್ವು. ಮುತ್ತು ಬೇಡ ಅಂತ ನಾವು ರವೆ ಹಾಕಿಸಿದ್ವಿ."

ಬೇಕಾದ ಸಾಲು ಈ ಮಾತಿನಲ್ಲೇ ಸಿಕ್ಕಿತು. ಬೊಟಿಕ್‌ಗಳ ಬರಹದಲ್ಲಿ ಹೀಗಾಗುವುದು ತುಂಬಾ ಸಾಮಾನ್ಯ. ಕೈಯಲ್ಲಿ ಒಂದು ನಿಜವಾದ, ಸಣ್ಣ ಮೂಲ ಇರುತ್ತದೆ. ಅದು ಸಾಲದು ಎನಿಸಿ ಅರಮನೆಯಿಂದ ದೊಡ್ಡದೊಂದನ್ನು ತರುತ್ತಾರೆ. ತಂದದ್ದು ಯಾರಿಗೂ ಸೇರಿದ್ದಲ್ಲವಾದ್ದರಿಂದ ಎಲ್ಲರ ಕಾರ್ಡಿನಲ್ಲೂ ಅದೇ ಇರುತ್ತದೆ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕೆತ್ತನೆ ನೋಡಿಯೇ ಒಡವೆ ಮಾಡಿಸಿದ್ದರೆ ಧಾರಾಳವಾಗಿ ಬರೆಯಿರಿ. ಆದರೆ ಯಾವ ಕೆತ್ತನೆ, ಅದರ ಯಾವ ಭಾಗ ಒಡವೆಗೆ ಬಂದಿದೆ ಎಂದು ಬೆರಳಿಟ್ಟು ತೋರಿಸಲು ಆಗಬೇಕು. ಗಿರಾಕಿ ಸಾಗರದವರಾದರೆ ಮುಂದಿನ ಭಾನುವಾರ ಹೋಗಿ ನೋಡಿಯೇ ಬಿಡುತ್ತಾರೆ. ತೋರಿಸಲು ಆಗದಿದ್ದರೆ "ಪ್ರೇರಣೆ" ಎಂಬ ಮಾತನ್ನು ಬಿಡುವುದೇ ಒಳ್ಳೆಯದು.

ಕೆಲಸವನ್ನು ಹೊಗಳುವುದು, ಕೆಲಸವನ್ನು ತೋರಿಸದೆ

ಲಕ್ಷುರಿ ಬರಹದ ಅರ್ಧ ಕೆಲಸ ಇಲ್ಲೇ ಇರುವುದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. "ನುರಿತ ಕುಶಲಕರ್ಮಿಗಳ ಕೈಚಳಕ" ಎಂಬುದು ಸುಳ್ಳಲ್ಲ. ಆದರೆ ಅದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಣಿಸಬೇಕಾದರೆ ಬರೆಯುವವರು ಆಚಾರ್ರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂರಬೇಕು.

ರವೆ ಕೆಲಸ ನಡೆಯುವುದು ಹೀಗೆ. ಸಣ್ಣ ಚಿನ್ನದ ತಂತಿಯನ್ನು ಸಮನಾಗಿ ಚೂರು ಮಾಡುತ್ತಾರೆ. ಚೂರುಗಳನ್ನು ಇದ್ದಿಲಿನ ಮೇಲಿಟ್ಟು ಉರಿ ಹಿಡಿದರೆ ಒಂದೊಂದೂ ಕರಗಿ ತಾನಾಗಿಯೇ ಉಂಡೆಯಾಗುತ್ತದೆ. ಉಂಡೆಗಳಲ್ಲಿ ಒಂದೇ ಗಾತ್ರದವನ್ನು ಆರಿಸಿ, ಜುಮುಕಿಯ ಬಟ್ಟಲಿನ ಅಂಚಿನ ಮೇಲೆ ಚಿಮುಟದಿಂದ ಸಾಲಾಗಿ ಕೂರಿಸಿ, ಬಿಳಿಗಾರ ಹಚ್ಚಿ ಬೆಸೆಯುತ್ತಾರೆ. ಉರಿ ಕಡಿಮೆಯಾದರೆ ರವೆ ನಿಲ್ಲುವುದಿಲ್ಲ, ನಾಲ್ಕು ದಿನಕ್ಕೆ ಉದುರುತ್ತದೆ. ಜಾಸ್ತಿಯಾದರೆ ರವೆ ಕರಗಿ ಬಟ್ಟಲಿಗೆ ಅಂಟಿ ಚಪ್ಪಟೆಯಾಗುತ್ತದೆ. ಒಳ್ಳೆಯ ಕೆಲಸದಲ್ಲಿ ರವೆ ಬಟ್ಟಲನ್ನು ಮುಟ್ಟುವ ಜಾಗ ಸಣ್ಣದಾಗಿರುತ್ತದೆ, ಮೇಲೆ ಪೂರ್ತಿ ದುಂಡಗಿರುತ್ತದೆ. ಭೂತಗನ್ನಡಿ ಹಿಡಿದರೆ ಯಾರಿಗಾದರೂ ಕಾಣುತ್ತದೆ.

ಇದೆಲ್ಲದರಲ್ಲಿ ಯಾವುದು ಕಷ್ಟ ಎಂದು ಆಚಾರ್ರನ್ನು ಕೇಳಿದಾಗ, ರವೆ ಎನ್ನುತ್ತಾರೆ ಎಂದೇ ಮಾಲೀಕರು ಕಾದಿದ್ದರು. ಅವರು ತಲೆ ಎತ್ತದೆ, "ರವೆ ಅಭ್ಯಾಸ ಆಗಿದೆ ಬಿಡಿ. ಎರಡನೇದು ಮೊದಲ್ನೇದರ ಹಾಗೇ ಬರ್ಬೇಕಲ್ಲ, ಅದು ಕಷ್ಟ" ಎಂದರು. ಒಂದು ಕಿವಿಯದು ಚೂರು ಅಗಲವಾದರೆ ಹಾಕಿಕೊಂಡಾಗ ಮುಖವೇ ವಾರೆ ಕಾಣುತ್ತದಂತೆ. ಅದಕ್ಕೆ ಒಂದು ಜೋಡಿಯನ್ನು ಯಾವತ್ತೂ ಇಬ್ಬರ ಕೈಗೆ ಹಂಚುವುದಿಲ್ಲ.

ಇಂಥ ಒಂದು ವಿವರ ಸಿಕ್ಕರೆ "ಕೈಚಳಕ" ಎಂಬ ಮಾತು ಬೇಕಾಗುವುದಿಲ್ಲ. ಓದುವವರೇ ಆ ತೀರ್ಪಿಗೆ ಬರುತ್ತಾರೆ. ಬರೆಯುವವರು ಕೇಳಬೇಕಾದ ಪ್ರಶ್ನೆಯೂ ಇದೇ: ಯಾವುದು ಕಷ್ಟ, ತಪ್ಪಿದರೆ ಏನಾಗುತ್ತದೆ? "ನಿಮ್ಮ ವಿಶೇಷತೆ ಏನು" ಎಂದು ಕೇಳಿದರೆ ಎಂಥ ಆಚಾರ್ರೂ ಜಾಹೀರಾತಿನ ಭಾಷೆಯಲ್ಲೇ ಉತ್ತರ ಕೊಡುತ್ತಾರೆ.

ಇಲ್ಲೊಂದು ಎಚ್ಚರ ಬೇಕು. ಮಾಲೀಕರು "ಸಂಪೂರ್ಣ ಕೈಕೆಲಸ" ಎಂದು ಸೇರಿಸಲು ಹೇಳಿದ್ದರು. ಜುಮುಕಿಯ ಹಿಂದಿನ ತಿರುಪು ಮಾತ್ರ ಮೆಷೀನಿನದು, ಕೊಂಡು ತಂದದ್ದು. ಮೆಷೀನಿನ ತಿರುಪು ಒಳ್ಳೆಯದೇ, ಸರಿಯಾಗಿ ಕೂರುತ್ತದೆ. ಆದರೆ "ಸಂಪೂರ್ಣ" ಎಂದ ಮೇಲೆ ಆ ತಿರುಪು ಒಂದೇ ಸಾಕು, ಮಾತು ಬಿದ್ದುಹೋಗುತ್ತದೆ. ಕೈಯಲ್ಲಿ ಮಾಡಿದ್ದು ಯಾವುದೋ ಅದರ ಹೆಸರು ಹೇಳಿದರೆ "ಸಂಪೂರ್ಣ"ದ ಗೊಡವೆಯೇ ಇಲ್ಲ.

ಗಿರಾಕಿಯನ್ನು ಹೊಗಳಿ, ಅದೇ ಉಸಿರಲ್ಲಿ ಬೈಯುವುದು

"ನಿಮ್ಮ ಘನತೆಗೆ ತಕ್ಕ" ಎಂಬುದು ಮೇಲ್ನೋಟಕ್ಕೆ ಹೊಗಳಿಕೆ. ಕೊಳ್ಳದಿದ್ದರೆ ಘನತೆ ಕಡಿಮೆಯೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಇದೆ. "ಮಾಮೂಲಿ ಒಡವೆಗಳಿಗೆ ವಿದಾಯ" ಇನ್ನೂ ಒಂದು ಹೆಜ್ಜೆ ಮುಂದೆ. ಓದುತ್ತಿರುವ ಹೆಂಗಸಿನ ಕಿವಿಯಲ್ಲಿ ಅವರ ತಾಯಿ ಗಾಂಧಿ ಬಜಾರಿನಲ್ಲಿ ಕೊಡಿಸಿದ ಓಲೆ ಇರಬಹುದು. ಅದಕ್ಕೆ ನೀವು ಮಾಮೂಲಿ ಎಂದುಬಿಟ್ಟಿರಿ. ಈ ಎರಡಕ್ಕೂ ತಿದ್ದುಪಡಿ ಇಲ್ಲ. ಎರಡನ್ನೂ ತೆಗೆದುಹಾಕಿ, ಆ ಜಾಗದಲ್ಲಿ ಅವರಿಗೆ ಉಪಯೋಗಕ್ಕೆ ಬರುವ ಒಂದು ಮಾತು ಇಡಿ. ಜುಮುಕಿ ಕೊಳ್ಳುವವರ ಮನಸ್ಸಿನಲ್ಲಿ ಇರುವ ಪ್ರಶ್ನೆ ಒಂದೇ: ಕಿವಿಗೆ ಭಾರ ಆಗುತ್ತದೆಯೇ?

ಜೋಡಿಯ ಒಟ್ಟು ತೂಕ 17.400 ಗ್ರಾಂ. ಅಂದರೆ ಒಂದು ಕಿವಿಗೆ ಒಂಬತ್ತು ಗ್ರಾಂಗೆ ಹತ್ತಿರ. ದಿನವಿಡೀ ಹಾಕಿಕೊಂಡರೆ ಖಂಡಿತ ಗೊತ್ತಾಗುತ್ತದೆ. ಅದಕ್ಕೇ ಕಿವಿಯ ಹಿಂದಿನಿಂದ ಹೋಗಿ ಕೂದಲಿಗೆ ಸಿಕ್ಕಿಸುವ ಸರಪಳಿಯನ್ನೂ ಅವರು ಮಾಡಿಸಿದ್ದರು. ಕಾರ್ಡಿನಲ್ಲಿ ಅದರ ಸುದ್ದಿಯೇ ಇರಲಿಲ್ಲ! ಒಡವೆಯ ಒಂದು ಮಿತಿಯನ್ನು ತಾನಾಗಿಯೇ ಹೇಳಿ ಅದಕ್ಕೆ ಮಾಡಿದ ಉಪಾಯವನ್ನೂ ಹೇಳಿದರೆ, ಸಾಮಾನಿನ ಮೇಲೆ ಭರವಸೆ ಇದೆ ಎಂಬುದು ಯಾವ ವಿಶೇಷಣಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ತಿದ್ದಿದ ಮೇಲೆ

> ಹೊಸನಗರದ ಒಂದು ಮನೆಯ ಹಳೆಯ ಜುಮುಕಿಯನ್ನು ಮುಂದಿಟ್ಟುಕೊಂಡು ಮಾಡಿದ್ದು. ಅದರಲ್ಲಿ ಮುತ್ತುಗಳಿದ್ದ ಜಾಗದಲ್ಲಿ ಇದಕ್ಕೆ ಎರಡು ಸಾಲು ರವೆ.
>
> ಒಂದು ಜೋಡಿ ಒಬ್ಬರೇ ಆಚಾರ್ರ ಕೈಯಲ್ಲಿ ಆಗುತ್ತದೆ. ಎಡದ್ದು ಬಲದ್ದರ ಹಾಗೆಯೇ ಇರಬೇಕಲ್ಲ.
>
> ಮದುವೆಮನೆಯಲ್ಲಿ ಇಡೀ ದಿನ ಹಾಕಿಕೊಳ್ಳುವವರಿಗೆ ಭಾರ ಹಿಡಿಯುವ ಸರಪಳಿ ಜೊತೆಗಿದೆ.
>
> 22 ಕ್ಯಾರೆಟ್ (916). ಒಟ್ಟು 17.400 ಗ್ರಾಂ, ಕಲ್ಲು ಕಳೆದು 16.200. ಕೆಂಪು ಸಿಂಥೆಟಿಕ್. ಸರಪಳಿಯ ತೂಕ ಬೇರೆ.

ಇದರಲ್ಲಿ "ನಮ್ಮ" ಎಂಬ ಮಾತು ಒಮ್ಮೆಯೂ ಇಲ್ಲ, ಉದ್ಗಾರ ಚಿಹ್ನೆ ಇಲ್ಲ. ಮೊದಲಿನ ಎರಡು ಪರೀಕ್ಷೆ ಮತ್ತೆ ಮಾಡಿ ನೋಡಿ. ಜುಮುಕಿ ತೆಗೆದು ಸೋಫಾ ಹಾಕಲು ಆಗುವುದಿಲ್ಲ. ಕೌಂಟರ್‌ನಲ್ಲಿ ಬಾಯಿಬಿಟ್ಟು ಹೇಳಿದರೂ ನಾಲಿಗೆ ತಡೆಯುವುದಿಲ್ಲ.

ಮಾಲೀಕರಿಗೆ ಮೊದಲು ಇದು ಬಡವಾಗಿ ಕಂಡಿತು. "ಇಷ್ಟು ದುಡ್ಡಿನ ಒಡವೆಗೆ ಇಷ್ಟೇನಾ?" ಎಂದರು. ಆ ಅನುಮಾನಕ್ಕೆ ಕಾರಣ ಇದೆ. ಲಕ್ಷುರಿ ಎನಿಸಬೇಕಾದರೆ ಸಾಲುಗಳ ನಡುವೆ ಜಾಗ ಬಿಡಬೇಕು, ಅಕ್ಷರ ಸಣ್ಣದಿರಬೇಕು, ಒಂದು ಪ್ಯಾರಾಕ್ಕೆ ಒಂದೇ ವಿಷಯ ಇರಬೇಕು. ಇವೇ ಮಾತುಗಳನ್ನು ಒತ್ತೊತ್ತಾಗಿ ತುಂಬಿ ದಪ್ಪ ಅಕ್ಷರದಲ್ಲಿ ಹಾಕಿದರೆ ನಿಜಕ್ಕೂ ರೇಟು ಪಟ್ಟಿಯಾಗುತ್ತದೆ. ಅಚ್ಚು ಹಾಕುವವರಿಗೆ ಇದನ್ನು ಬಿಡಿಸಿ ಹೇಳಿ, ಇಲ್ಲದಿದ್ದರೆ ಖಾಲಿ ಜಾಗ ಕಂಡಲ್ಲೆಲ್ಲ ಹೂಬಳ್ಳಿ ತುಂಬಿಸಿಬಿಡುತ್ತಾರೆ.

ರಿಪೇರಿ ಮಾಡುವಾಗ ಹುಟ್ಟುವ ಹೊಸ ದೋಷಗಳು

ಒಂದು, ಅತಿ ವಿನಯ. "ನಮ್ಮದೊಂದು ಕಿರು ಪ್ರಯತ್ನ, ಹರಸಿ ಹಾರೈಸಿ" ಎನ್ನುವುದು. ಎರಡು ಲಕ್ಷದ ಒಡವೆಯನ್ನು ಕಿರು ಪ್ರಯತ್ನ ಎಂದರೆ ಅದು ಜಂಬವೇ, ಬಾಗಿಲು ಬೇರೆ ಅಷ್ಟೇ. ಹೊಗಳಿ ಎಂದು ಕೇಳಿದ ಹಾಗಾಗುತ್ತದೆ.

ಎರಡು, ಅಂಕಿಗಳ ಜಂಬ. ವಿಶೇಷಣ ಬಿಡಿ ಎಂದ ಕೂಡಲೇ "ನೂರಾರು ಗಂಟೆಗಳ ಶ್ರಮ", "ಸಾವಿರ ರವೆಗಳು" ಎಂದು ಬರುತ್ತವೆ. ಎಣಿಸಿಲ್ಲದ ಅಂಕಿಯೂ ವಿಶೇಷಣವೇ. ಎಣಿಸಿದ್ದರೂ, ಅದರಿಂದ ಕೊಳ್ಳುವವರಿಗೆ ಏನಾದರೂ ತಿಳಿಯುತ್ತದೆಯೇ ನೋಡಿ. ಕಲ್ಲು ಕಳೆದ ತೂಕ ತಿಳಿದರೆ ಚಿನ್ನಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂದು ಲೆಕ್ಕ ಹಾಕಬಹುದು. ರವೆ ಎಷ್ಟಿದೆ ಎಂದು ತಿಳಿದು ಅವರೇನು ಮಾಡಬೇಕು?

ಮೂರು, ಕಥೆ ಉದ್ದವಾಗುವುದು. ಹೊಸನಗರದ ಮನೆ ಸಿಕ್ಕಿದ್ದೇ ತಡ, ಅಜ್ಜಿಯ ಮದುವೆ, ಮಳೆಗಾಲ, ಪೆಟ್ಟಿಗೆಯ ಪರಿಮಳ ಎಲ್ಲ ಬರಲು ಶುರುವಾಯಿತು. ಮಲೆನಾಡು ಎಂದರೆ ಮಂಜು, ಮಳೆ ಸೇರಿಸದೆ ಬರೆಯಲು ನಮಗೆ ಕೈಯೇ ಬರುವುದಿಲ್ಲ. ಒಡವೆಗೆ ಸಂಬಂಧವಿರುವುದು ಮುತ್ತಿನ ಬದಲು ರವೆ ಬಂದದ್ದು ಮಾತ್ರ. ಉಳಿದದ್ದನ್ನು ಅಂಗಡಿಗೆ ಬಂದವರಿಗೆ ಬಾಯಲ್ಲಿ ಹೇಳಲಿ, ಆಗ ಚಂದ.

ಬರಹ ಸರಿಯಾದರೂ ವಾಸನೆ ಹೋಗದಿದ್ದರೆ

ಆಗ ದೋಷ ಬರಹದಲ್ಲಿಲ್ಲ, ಅಕ್ಕಪಕ್ಕದಲ್ಲಿದೆ. ಮೊದಲು ಫೋಟೊ ನೋಡಿ. ರೂಪದರ್ಶಿಯನ್ನು ಸಿಂಹಾಸನದ ಮೇಲೆ ಕೂರಿಸಿದ್ದರೆ ಬರಹ ಎಷ್ಟು ಮೆಲ್ಲಗೆ ಮಾತಾಡಿದರೂ ಕೇಳಿಸುವುದಿಲ್ಲ. ಆಮೇಲೆ ಅದೇ ಕಾರ್ಡಿನ ಹಿಂಬದಿ ನೋಡಿ. "ವೇಸ್ಟೇಜ್ ಮೇಲೆ ಭಾರಿ ರಿಯಾಯಿತಿ, ತ್ವರೆ ಮಾಡಿ" ಎಂದಿದ್ದರೆ ಮುಂಬದಿಯ ನಿಧಾನ ನಾಟಕ ಎನಿಸುತ್ತದೆ. ರಿಯಾಯಿತಿ ಕೊಡುವುದಿದ್ದರೆ ಬೇರೆ ಚೀಟಿಯಲ್ಲಿ ಕೊಡಿ.

ಕೊನೆಗೆ ವಾಟ್ಸ್ಆ್ಯಪ್. ಮೇಲಿನ ಬೊಟಿಕ್‌ನಲ್ಲಿ ಕಾರ್ಡು ಸರಿಯಾದ ಮೇಲೂ ಒಂದು ಕಡೆ ಹಳೆಯ ದನಿ ಉಳಿದಿತ್ತು. ಬೆಲೆ ಕೇಳಿ ಮೆಸೇಜ್ ಮಾಡಿದವರಿಗೆ "ನಮ್ಮ ಎಕ್ಸ್‌ಕ್ಲೂಸಿವ್ ಕುಟುಂಬಕ್ಕೆ ಸ್ವಾಗತ! ಬೆಲೆಗಾಗಿ ಶೋರೂಮಿಗೆ ಭೇಟಿ ನೀಡಿ" ಎಂದು ತಾನಾಗಿಯೇ ಉತ್ತರ ಹೋಗುತ್ತಿತ್ತು. ಬೆಲೆ ಮುಚ್ಚಿಟ್ಟರೆ "ನಿಮ್ಮ ಕೈಲಿ ಆಗುತ್ತಾ?" ಎಂದು ಕೇಳಿದ ಹಾಗೆ. ಅದನ್ನು ಹೀಗೆ ಬದಲಿಸಿದರು: "ನಮಸ್ಕಾರ. ಬೆಲೆ ಆ ದಿನದ ಚಿನ್ನದ ದರದ ಮೇಲೆ. ಯಾವ ಒಡವೆ ಎಂದು ತಿಳಿಸಿದರೆ ಚಿನ್ನ, ಮಜೂರಿ, ಕಲ್ಲು ಬಿಡಿಸಿ ಲೆಕ್ಕ ಕಳಿಸುತ್ತೇವೆ. ಭಾನುವಾರ ರಜೆ."